ಲೆಕ್ಕದ ಹಾಳೆಯಲ್ಲಿ ಉಳಿದ ಐನೂರು ರೂಪಾಯಿ

ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ಆನ್‌ಲೈನ್ ಮಾರಾಟ ತಾಣವೊಂದರಲ್ಲಿ ಒಂದು ತಿಂಗಳಿಗೆ ಅರವತ್ತು ಸೀರೆ ಮಾರಿದರು ಎಂದಿಟ್ಟುಕೊಳ್ಳಿ. ಜಿಎಸ್‌ಟಿ ಬಿಟ್ಟು ಸೀರೆಯೊಂದಕ್ಕೆ 2,000 ರೂಪಾಯಿ, ಒಟ್ಟು 1,20,000. ಅದೇ ತಿಂಗಳು ಹತ್ತು ಸೀರೆ ವಾಪಸ್ ಬಂದವು. ನಿಂತ ವ್ಯಾಪಾರ ಒಂದು ಲಕ್ಷ. ತಾಣದವರು ಬ್ಯಾಂಕಿಗೆ ಹಣ ಹಾಕುವಾಗ ತಮ್ಮ ಕಮಿಷನ್ನು, ಸಾಗಣೆ ಖರ್ಚು ಮುರಿದುಕೊಂಡಿದ್ದಲ್ಲದೆ ಇನ್ನೂ 500 ರೂಪಾಯಿ ಹಿಡಿದಿದ್ದಾರೆ. ಹಾಳೆಯಲ್ಲಿ ಅದರ ಹೆಸರು ಟಿಸಿಎಸ್.

ಅನೇಕ ಸಣ್ಣ ವ್ಯಾಪಾರಿಗಳು ಇದನ್ನೂ ತಾಣದವರ ಶುಲ್ಕವೆಂದೇ ಭಾವಿಸಿ ಕೈಬಿಡುತ್ತಾರೆ. ಅದು ಶುಲ್ಕವಲ್ಲ, ವ್ಯಾಪಾರಿಯದೇ ದುಡ್ಡು. ಜಿಎಸ್‌ಟಿ ಕಾಯ್ದೆಯ 52ನೇ ಕಲಂ ಪ್ರಕಾರ, ಗಿರಾಕಿಯ ಹಣ ತನ್ನ ಕೈಗೆ ಬರುವ ತಾಣವು ಅದರಲ್ಲಿ ಒಂದು ಪಾಲನ್ನು ವ್ಯಾಪಾರಿಯ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಬೇಕು. ಈ ಪದ್ಧತಿ 2018ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಆಗ ನೂರಕ್ಕೆ ಒಂದು ರೂಪಾಯಿ ಇದ್ದದ್ದು 2024ರ ಜುಲೈ 10ರಿಂದ ಐವತ್ತು ಪೈಸೆಗೆ ಇಳಿದಿದೆ. ಲೆಕ್ಕ ಹಾಕುವುದು ಜಿಎಸ್‌ಟಿ ಸೇರದ ಬೆಲೆಯ ಮೇಲೆ, ವಾಪಸ್ ಬಂದ ಮಾಲನ್ನು ಕಳೆದ ಮೇಲೆ. ನಮ್ಮ ವ್ಯಾಪಾರಿಯ ಒಂದು ಲಕ್ಷಕ್ಕೆ 500 ಆಗುವುದು ಹೀಗೆ. ಅದರಲ್ಲಿ 40,000ದ ಸೀರೆ ಕರ್ನಾಟಕದೊಳಗೇ ಹೋಗಿದ್ದರೆ ಕೇಂದ್ರದ ಖಾತೆಗೆ 100, ರಾಜ್ಯದ ಖಾತೆಗೆ 100. ಹೊರರಾಜ್ಯಕ್ಕೆ ಹೋದ 60,000ಕ್ಕೆ ಐಜಿಎಸ್‌ಟಿ 300.

ತಾಣದವರು ಮುಂದಿನ ತಿಂಗಳ 10ರೊಳಗೆ ಜಿಎಸ್‌ಟಿಆರ್-8 ಎಂಬ ಪತ್ರ ಸಲ್ಲಿಸಿ, ಯಾವ ವ್ಯಾಪಾರಿಯಿಂದ ಎಷ್ಟು ಹಿಡಿದೆವು ಎಂದು ಜಿಎಸ್‌ಟಿ ನಂಬರಿನ ಜೊತೆ ತಿಳಿಸಬೇಕು. ಅಷ್ಟಾದರೆ ಹಣ ತಾನಾಗಿ ವ್ಯಾಪಾರಿಯ ಖಾತೆಗೆ ಬಂದುಬಿಡುತ್ತದೆ ಎಂದುಕೊಳ್ಳುವವರೇ ಹೆಚ್ಚು. ಬರುವುದಿಲ್ಲ. ಜಿಎಸ್‌ಟಿ ಪೋರ್ಟಲ್‌ಗೆ ಹೋಗಿ, Returns Dashboard ತೆರೆದು, ಆ ತಿಂಗಳನ್ನು ಆರಿಸಿದರೆ TDS and TCS Credit Received ಎಂಬ ಒಂದು ಚೌಕ ಕಾಣುತ್ತದೆ. ಅದರೊಳಗೆ ತಾಣದ ಹೆಸರು, ಮಾರಾಟದ ಮೊತ್ತ, ಹಿಡಿದ ತೆರಿಗೆ ಇರುತ್ತದೆ. ಅದನ್ನು ತನ್ನ ಲೆಕ್ಕಕ್ಕೆ ತಾಳೆ ಹಾಕಿ, ಸರಿಯಿದ್ದರೆ Accept ಒತ್ತಿ, ಕೊನೆಗೆ ಆ ಪತ್ರವನ್ನೂ ಸಲ್ಲಿಸಬೇಕು. ಒಪ್ಪಿಗೆ ಕೊಟ್ಟು ಸಲ್ಲಿಸದೆ ಹೊರಬಂದರೆ ಹಣ ಅಲ್ಲೇ ನಿಂತಿರುತ್ತದೆ. ಜಿಎಸ್‌ಟಿಆರ್-3ಬಿ ಸಲ್ಲಿಸಿದ ಮಾತ್ರಕ್ಕೆ ಈ ಕೆಲಸ ಮುಗಿಯುವುದಿಲ್ಲ, ಇದು ಬೇರೆಯೇ ಪತ್ರ. ಹತ್ತರ ಗಡುವು ಕಳೆದ ಮೇಲೆ, ತನ್ನ 3ಬಿ ತುಂಬುವ ಮುಂಚೆ ಇದನ್ನು ಮಾಡಿಕೊಳ್ಳುವುದು ಒಳ್ಳೆಯದು.

ಸಲ್ಲಿಸಿದ ಮೇಲೆ ಆ 500 ಬಂದು ಸೇರುವುದು ಕ್ಯಾಶ್ ಲೆಡ್ಜರ್‌ಗೆ, ಖರೀದಿಯ ಮೇಲಿನ ತೆರಿಗೆ ಕೂಡುವ ಕ್ರೆಡಿಟ್ ಲೆಡ್ಜರ್‌ಗಲ್ಲ. ಈ ವ್ಯತ್ಯಾಸ ಹಣದ ವಿಷಯದಲ್ಲಿ ದೊಡ್ಡದು. ಒಂದು ಲಕ್ಷದ ಸೀರೆಗೆ ಶೇ 5ರಂತೆ 5,000 ತೆರಿಗೆ ಬರುತ್ತದೆ. ನೂಲು, ಕಮಿಷನ್ನು ಇವುಗಳ ಮೇಲೆ ಮೊದಲೇ ಕಟ್ಟಿದ ತೆರಿಗೆಯಿಂದ 4,200 ತೀರಿತು ಅನ್ನಿ. ಉಳಿದ 800ರಲ್ಲಿ ಈ 500 ಹೋಗಿ, ಕೈಯಿಂದ ಹಾಕುವುದು 300 ಮಾತ್ರ. ಐಜಿಎಸ್‌ಟಿ ಖಾನೆಯಲ್ಲಿ ಹಣವಿದ್ದು ಬಾಕಿ ರಾಜ್ಯದ ಖಾನೆಯಲ್ಲಿದ್ದರೆ ಪಿಎಂಟಿ-09 ನಮೂನೆಯಿಂದ ಒಂದರಿಂದ ಇನ್ನೊಂದಕ್ಕೆ ಸರಿಸಿಕೊಳ್ಳಬಹುದು. ಖರೀದಿಯ ತೆರಿಗೆಯೇ ಎಲ್ಲ ಬಾಕಿಯನ್ನೂ ತೀರಿಸುವವರಿಗೆ ಕ್ಯಾಶ್ ಲೆಡ್ಜರ್‌ನಲ್ಲಿ ಹಣ ತಿಂಗಳು ತಿಂಗಳು ಬೆಳೆಯುತ್ತದೆ. ಅದು ನಗದಿನ ಲೆಡ್ಜರ್ ಆದ್ದರಿಂದ, ಆರ್‌ಎಫ್‌ಡಿ-01 ಅರ್ಜಿ ಹಾಕಿ ಹೆಚ್ಚುವರಿ ಹಣವನ್ನು ಬ್ಯಾಂಕಿಗೇ ವಾಪಸ್ ಪಡೆಯಬಹುದು.

ತಾಳೆ ಹಾಕುವಾಗ ಎಡವುವುದು ಸಾಮಾನ್ಯವಾಗಿ ಬ್ಯಾಂಕಿಗೆ ಬಂದ ಹಣವನ್ನೇ ಮಾರಾಟವೆಂದು ಬರೆದುಕೊಳ್ಳುವುದರಿಂದ. ಬಂದದ್ದು ಎಲ್ಲ ಮುರಿದ ಮೇಲಿನ ಶೇಷ. ಜಿಎಸ್‌ಟಿಆರ್-1ರಲ್ಲಿ ಆ ಶೇಷವನ್ನೇ ತೋರಿಸಿದರೆ ತಾಣದ ಜಿಎಸ್‌ಟಿಆರ್-8ಕ್ಕಿಂತ ಮಾರಾಟ ಕಡಿಮೆಯಾಗಿ ಕಂಡು ಇಲಾಖೆಯಿಂದ ನೋಟಿಸ್ ಬರಬಹುದು. ಮತ್ತೊಂದು ತೊಡಕು ತಿಂಗಳ ಗಡಿಯದು: ಮಾರ್ಚ್ ಕೊನೆಗೆ ಮಾರಿದ ಸೀರೆ ಏಪ್ರಿಲ್‌ನಲ್ಲಿ ವಾಪಸ್ ಬಂದರೆ ಅದು ಕಳೆಯುವುದು ಏಪ್ರಿಲ್ ಲೆಕ್ಕದಲ್ಲಿ. ಇಷ್ಟಾದರೂ ಹೊಂದದಿದ್ದರೆ Reject ಒತ್ತಬೇಕು. ಆಗ ದಾಖಲೆ ತಾಣದ ಕಡೆಗೆ ಹಿಂತಿರುಗಿ, ಅವರು ತಿದ್ದಿದ ಮೇಲೆ ಮತ್ತೆ ಕಾಣಿಸುತ್ತದೆ. ತಿದ್ದುವ ಅಧಿಕಾರ ವ್ಯಾಪಾರಿಗಿಲ್ಲದ್ದರಿಂದ ತಾಣದ ಸಹಾಯ ವಿಭಾಗಕ್ಕೆ ಬರೆದು ಬೆನ್ನು ಹತ್ತುವುದು ಅನಿವಾರ್ಯ.

ಅದೇ ಹಾಳೆಯಲ್ಲಿ ಟಿಡಿಎಸ್ ಎಂಬ ಇನ್ನೊಂದು ಸಾಲೂ ಇರಬಹುದು. ಅದು ಆದಾಯ ತೆರಿಗೆಯದು, 2024ರ ಅಕ್ಟೋಬರ್‌ನಿಂದ ನೂರಕ್ಕೆ ಹತ್ತು ಪೈಸೆ. ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುವವರು ಪ್ಯಾನ್ ಅಥವಾ ಆಧಾರ್ ಕೊಟ್ಟಿದ್ದು, ಆ ತಾಣದಲ್ಲಿ ವರ್ಷದ ಮಾರಾಟ 5 ಲಕ್ಷ ದಾಟದಿದ್ದರೆ ಅದನ್ನು ಹಿಡಿಯುವಂತಿಲ್ಲ. ಹಿಡಿದಿದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಷ್ಟು ಹುಡುಕಿದರೂ ಸಿಗದು; ಆದಾಯ ತೆರಿಗೆಯ 26ಎಎಸ್ ಪಟ್ಟಿಯಲ್ಲಿ ನೋಡಿ, ವರ್ಷದ ರಿಟರ್ನ್‌ನಲ್ಲಿ ಕೇಳಿ ಪಡೆಯಬೇಕು.