ನಂಗಲಿ ದಾಟಿದ್ದು ನೆನಪಿಲ್ಲ

ಕಳೆದ ಮಾವಿನ ಸೀಸನ್ನಿನಲ್ಲಿ ತಿರುಪತಿಯಿಂದ ರಾತ್ರಿ ಬಸ್ಸಿನಲ್ಲಿ ಕೋಲಾರಕ್ಕೆ ಬರುತ್ತಿದ್ದೆ. ಮುಳಬಾಗಿಲು ಇನ್ನೂ ಸ್ವಲ್ಪ ದೂರವಿತ್ತು. ಬಾಗಿಲು ಮುಚ್ಚಿದ್ದ ಒಂದು ದೋಸೆ ಹೋಟೆಲ್ ಮುಂದೆ ಬಸ್ಸು ನಿಂತಿತು. ಗಂಟೆ ಮೂರು. ಐದು ನಿಮಿಷವಾದರೂ ಹೊರಡಲಿಲ್ಲ. ಕೇಳಿಯೇಬಿಡೋಣ ಎಂದು ಕೆಳಗಿಳಿದೆ.

ಡ್ರೈವರ್ ಕಟ್ಟೆಯ ಮೇಲೆ ಕೂತು ಫ್ಲಾಸ್ಕ್ ತೆರೆಯುತ್ತಿದ್ದರು. ‘ಬಾ ತಮ್ಮಾ, ಕಾಫಿ ಕುಡಿ’ ಎಂದು ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟರು. ಬೈಯಲು ಬಂದವನ ಕೈಯಲ್ಲಿ ಬಿಸಿ ಕಾಫಿ!

‘ಯಾಕಣ್ಣ ನಿಲ್ಲಿಸಿದ್ರಿ?’

‘ನಂಗಲಿ ಯಾವಾಗ ದಾಟಿತು ಅಂತ ನೆನಪೇ ಬರ್ಲಿಲ್ಲ. ಕಣ್ಣು ತೆರೆದೇ ಇತ್ತು. ಹಂಗಾದ್ರೆ ಗಾಡಿ ಓಡಿಸಬಾರದು.’

ನನ್ನ ಕೈಯಲ್ಲಿದ್ದ ಮುಚ್ಚಳ ಅಲುಗಿತು. ಎರಡು ವರ್ಷದ ಹಿಂದೆ ಶ್ರೀನಿವಾಸಪುರದಿಂದ ಬೆಂಗಳೂರಿಗೆ ಮಾವು ಸಾಗಿಸುತ್ತಿದ್ದ ಅಪ್ಪ, ಟೆಂಪೊ ಸಮೇತ ಹಳ್ಳಕ್ಕೆ ಬಿದ್ದಿದ್ದರು. ಕಾಲು ಮುರಿಯಿತು, ಟೆಂಪೊ ಹೋಯಿತು. ‘ನಿದ್ದೆ ಬರ್ತಿದ್ದದ್ದು ಗೊತ್ತಾಗ್ಲಿಲ್ವಾ?’ ಎಂದು ಆಸ್ಪತ್ರೆಯಲ್ಲೇ ರೇಗಿದ್ದೆ. ಆಮೇಲೆ ನಮ್ಮಿಬ್ಬರ ಮಾತು ಅಷ್ಟಕ್ಕಷ್ಟೇ.

‘ಕಿಟಕಿ ತೆಗೆದ್ರೆ, ಹಾಡು ಹಾಕಿದ್ರೆ ಆಗಲ್ವಾ?’ ಎಂದೆ.

‘ಸ್ವಲ್ಪ ಹೊತ್ತು ಅಷ್ಟೇ. ಎರಡರಿಂದ ನಾಲ್ಕರವರೆಗೆ ಮೈ ತಾನಾಗೇ ನಿದ್ದೆ ಕೇಳುತ್ತೆ. ಕಾಫಿನೂ ಕುಡಿದ ತಕ್ಷಣ ಕೆಲಸ ಮಾಡಲ್ಲ, ಇಪ್ಪತ್ತು ನಿಮಿಷವಾದ್ರೂ ಬೇಕು. ಅದಕ್ಕೇ ಕುಡಿದ ಮೇಲೆ ಮಲಗ್ತೀನಿ. ಏಳೋ ಹೊತ್ತಿಗೆ ಕಾಫಿನೂ ಹತ್ತಿರುತ್ತೆ. ಜಾಸ್ತಿ ಮಲಗಿದ್ರೆ ಮಂಪರು ಬಿಡಲ್ಲ. ಹದಿನೈದು ನಿಮಿಷಕ್ಕೆ ಎಬ್ಬಿಸ್ತೀಯಾ?’

ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಂಡು ಪಕ್ಕದಲ್ಲೇ ಕೂತೆ. ಟವೆಲ್ ಮುಖಕ್ಕೆ ಹಾಕಿಕೊಂಡ ಮರುಗಳಿಗೆಯೇ ಗೊರಕೆ. ಒಬ್ಬರು ಕಿಟಕಿಯಿಂದ ‘ಏನ್ರೀ ಇದು, ಮಲಗಿಬಿಟ್ರಾ?’ ಎಂದು ಕೂಗಿದರು. ‘ಇನ್ನು ಒಂಬತ್ತು ನಿಮಿಷ ಸರ್’ ಎಂದೆ, ನನ್ನದೇ ಬಸ್ಸು ಎನ್ನುವಂತೆ. ಟೊಮೆಟೊ ಕ್ರೇಟು ತುಂಬಿದ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಎಷ್ಟು ಜನ ಡ್ರೈವರ್‌ಗಳಿಗೆ ದಾಟಿದ ಊರು ನೆನಪಿದೆಯೋ ಎನಿಸಿತು.

ಎಬ್ಬಿಸಿದೆ. ಮುಖ ತೊಳೆದು, ಎರಡು ನಿಮಿಷ ಅಡ್ಡಾಡಿ ಸೀಟು ಹತ್ತಿದರು. ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆ ಐದು ಗಂಟೆ ಕೆಲಸಕ್ಕೆ ಅರ್ಧ ಗಂಟೆ ವಿರಾಮ ಕೊಡಬೇಕು ಎನ್ನುತ್ತಿತ್ತು ಎಂದು ಆಮೇಲೆ ಓದಿ ತಿಳಿದೆ. ಬಾಡಿಗೆ ಟೆಂಪೊ ಓಡಿಸುವ ಅಪ್ಪನಿಗೆ ಅದನ್ನು ಕೊಡುವವರು ಯಾರಿದ್ದರು? ಹಣ್ಣು ಬೆಳಗಾಗುವುದರೊಳಗೆ ಮಂಡಿ ಸೇರಬೇಕಿತ್ತು.

ಕೋಲಾರದಲ್ಲಿ ಇಳಿದು ಮೊದಲ ಬಸ್ಸಿಗೆ ಊರು ಸೇರಿದೆ. ಅಪ್ಪ ಜಗುಲಿಯಲ್ಲಿ ಕೂತಿದ್ದರು. ಕಾಫಿ ಮಾಡಿ ತಂದು ಪಕ್ಕದಲ್ಲಿ ಕೂತೆ.

‘ಅಪ್ಪಾ, ಅವತ್ತು ಯಾವ ಊರಿನ ತನಕ ನೆನಪಿತ್ತು?’

ಅಪ್ಪ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು.

‘ನರಸಾಪುರದ ಫ್ಯಾಕ್ಟರಿ ಲೈಟು ಕಂಡಿದ್ದು ನೆನಪು. ಆಮೇಲೆ ನಿಮ್ಮಮ್ಮ ಅಳ್ತಿದ್ದದ್ದು.’