ಲಾಗ್ ಶೀಟಿನ ಫೋಟೊದಿಂದ ತಿಂಗಳ ವಾಹನ ಖರ್ಚಿನ ಲೆಕ್ಕ

ಸಣ್ಣ ಕಚೇರಿಗಳಲ್ಲಿ ವಾಹನದ ಖರ್ಚಿನ ದಾಖಲೆ ಸಾಮಾನ್ಯವಾಗಿ ಒಂದೆರಡು ಹಾಳೆಗಳಲ್ಲಿ ಮುಗಿಯುತ್ತದೆ. ಚಾಲಕ ಪ್ರತಿದಿನದ ಮೀಟರ್ ರೀಡಿಂಗ್, ಹೋದ ಊರು, ಕೆಲಸದ ಉದ್ದೇಶ ಬರೆದು, ಪೆಟ್ರೋಲ್ ಬಂಕಿನ ಬಿಲ್ಲು, ಟೋಲ್ ರಸೀದಿ, ಪಾರ್ಕಿಂಗ್ ಚೀಟಿಗಳನ್ನು ಅದೇ ಹಾಳೆಗೆ ಅಂಟಿಸುತ್ತಾನೆ. ತಿಂಗಳ ಕೊನೆಗೆ ಅದರ ಫೋಟೊ ಲೆಕ್ಕ ಬರೆಯುವವರಿಗೆ ತಲುಪುತ್ತದೆ. ಫೋಟೊದಲ್ಲಿ ಕಂಡ ಮೊತ್ತಗಳನ್ನು ಸುಮ್ಮನೆ ಕೂಡಿದರೆ ಲೆಕ್ಕ ತಪ್ಪುವ ಸಾಧ್ಯತೆ ಹೆಚ್ಚು. ಒಂದು ಅಂಕಿ ಸರಿಯೇ ಎಂಬುದನ್ನು ಅದೇ ಹಾಳೆಯ ಇನ್ನೊಂದು ಅಂಕಿಯಿಂದ ಪರೀಕ್ಷಿಸಿ ಮುಂದಕ್ಕೆ ಹೋಗುವುದೇ ಈ ಕೆಲಸದ ಕ್ರಮ.

ಮೊದಲ ತೊಡಕು ಕಾಗದದ್ದೇ. ಬಂಕಿನ ಬಿಲ್ಲು ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದದ ಮೇಲೆ ಮುದ್ರಣವಾಗಿರುತ್ತದೆ. ಅದರಲ್ಲಿ ಶಾಯಿ ಇರುವುದಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಬಿದ್ದರೆ, ಎಣ್ಣೆಯ ಕೈ ತಾಗಿದರೆ, ಪ್ಲಾಸ್ಟಿಕ್ ಕವರಿನಲ್ಲಿ ಬಹಳ ದಿನ ಉಳಿದರೆ ಅಕ್ಷರ ಮಸುಕಾಗುತ್ತದೆ. ಹೀಗಾಗಿ ಬಿಲ್ಲು ಕೈಗೆ ಬಂದ ದಿನವೇ ಫೋಟೊ ತೆಗೆಯುವುದು ಒಳ್ಳೆಯದು. ಹಾಳೆಯ ನಾಲ್ಕೂ ಅಂಚು ಕಾಣಬೇಕು, ಒಂದು ಚೀಟಿಯ ಮೇಲೆ ಇನ್ನೊಂದು ಮಡಚಿ ಕೂತಿರಬಾರದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಬದಲು ಡಾಕ್ಯುಮೆಂಟ್ ಆಗಿ ಕಳಿಸಿದರೆ ಚಿತ್ರದ ಸ್ಪಷ್ಟತೆ ಕುಗ್ಗುವುದಿಲ್ಲ.

ಇಂಧನದ ಬಿಲ್ಲಿನಲ್ಲಿ ಮೂರು ಅಂಕಿಗಳು ಮುಖ್ಯ: ಲೀಟರಿನ ದರ, ಹಾಕಿಸಿದ ಪ್ರಮಾಣ, ಒಟ್ಟು ಮೊತ್ತ. ದರವನ್ನು ಪ್ರಮಾಣದಿಂದ ಗುಣಿಸಿದರೆ ಮೊತ್ತ ಬರಬೇಕು. ಮೂರರಲ್ಲಿ ಒಂದು ಅಳಿಸಿಹೋಗಿದ್ದರೂ ಉಳಿದೆರಡರಿಂದ ಅದನ್ನು ಪತ್ತೆ ಮಾಡಬಹುದು. ದುಂಡು ಮೊತ್ತಕ್ಕೆ ಇಂಧನ ಹಾಕಿಸಿದಾಗ ಪೈಸೆಗಳ ವ್ಯತ್ಯಾಸ ಬರುವುದು ಸಹಜ, ರೂಪಾಯಿಗಟ್ಟಲೆ ವ್ಯತ್ಯಾಸ ಬಂದರೆ ಓದಿದ್ದೇ ತಪ್ಪಾಗಿದೆ ಎಂದು ಅರ್ಥ. 2017ರ ಜೂನ್ 16ರಿಂದ ದೇಶದಾದ್ಯಂತ ಇಂಧನ ದರವನ್ನು ದಿನದಿನವೂ ಪರಿಷ್ಕರಿಸುವ ಪದ್ಧತಿ ಇದೆ. ಆದ್ದರಿಂದ ಲೆಕ್ಕಕ್ಕೆ ಆಯಾ ಬಿಲ್ಲಿನ ದರವನ್ನೇ ಬಳಸಬೇಕು.

ಅದೇ ಬಿಲ್ಲಿನಲ್ಲಿ ದಾರಿ ತಪ್ಪಿಸುವ ಅಂಕಿಯೂ ಇರಬಹುದು. ಹಲವು ಬಿಲ್ಲುಗಳಲ್ಲಿ ಇಂಧನದ ಸಾಂದ್ರತೆ ಅಚ್ಚಾಗಿರುತ್ತದೆ. ಡೀಸೆಲಿಗೆ ಅದು ಸಾಮಾನ್ಯವಾಗಿ ಎಂಟುನೂರರ ಮೇಲಿನ ಸಂಖ್ಯೆಯಾಗಿರುವುದರಿಂದ ಅವಸರದಲ್ಲಿ ಅದನ್ನೇ ಮೊತ್ತವೆಂದು ಬರೆದುಬಿಡುವ ಸಾಧ್ಯತೆ ಇದೆ. ಪೆಟ್ರೋಲಿಗೆ ಎಂಎಸ್, ಡೀಸೆಲಿಗೆ ಎಚ್‌ಎಸ್‌ಡಿ ಎಂಬ ಹೆಸರು ಇರುವುದುಂಟು. ವ್ಯಾನು ಡೀಸೆಲಿನದಾಗಿದ್ದು ಬಿಲ್ಲಿನಲ್ಲಿ ಎಂಎಸ್ ಎಂದಿದ್ದರೆ ಅದು ಬೇರೆ ವಾಹನದ ಬಿಲ್ಲು. ಗಾಡಿಯ ನಂಬರನ್ನು ಬಂಕಿನವರು ನಮೂದಿಸದೆ ಬಿಡುವುದೂ ಸಾಮಾನ್ಯ. ಆಗ ಬಿಲ್ಲಿನ ದಿನಾಂಕ, ಸಮಯ ಮತ್ತು ಬಂಕಿನ ಊರು ಆ ದಿನದ ಲಾಗ್ ಬರಹಕ್ಕೆ ಹೊಂದುತ್ತವೆಯೇ ಎಂದು ನೋಡಬೇಕು.

ಒಂದು ಉದಾಹರಣೆ ನೋಡಬಹುದು. 30 ದಿನದ ಒಂದು ತಿಂಗಳಲ್ಲಿ ಒಂದು ಡೀಸೆಲ್ ವ್ಯಾನಿಗೆ ನಾಲ್ಕು ಸಲ ಇಂಧನ ಹಾಕಿಸಲಾಗಿದೆ. ದರ ತಿಂಗಳಿಡೀ ಲೀಟರಿಗೆ 91 ರೂಪಾಯಿ ಇತ್ತೆಂದು ಇಟ್ಟುಕೊಳ್ಳೋಣ. ಮೊದಲ ಬಿಲ್ಲು 30 ಲೀಟರಿಗೆ 2,730 ರೂಪಾಯಿ, ಎರಡನೆಯದು 25 ಲೀಟರಿಗೆ 2,275, ನಾಲ್ಕನೆಯದು 21 ಲೀಟರಿಗೆ 1,911. ಮೂರನೆಯ ಬಿಲ್ಲಿನ ಮೊತ್ತ 2,184 ಎಂದು ಸ್ಪಷ್ಟವಾಗಿದೆ, ಆದರೆ ಪ್ರಮಾಣ 24 ಲೀಟರೋ 29 ಲೀಟರೋ ಎಂಬುದು ತಿಳಿಯುತ್ತಿಲ್ಲ. 29 ಲೀಟರಾಗಿದ್ದರೆ ಮೊತ್ತ 2,639 ಆಗಬೇಕಿತ್ತು. 24ನ್ನು 91ರಿಂದ ಗುಣಿಸಿದರೆ ಸರಿಯಾಗಿ 2,184 ಬರುತ್ತದೆ. ಅಲ್ಲಿಗೆ ಇಂಧನ ಒಟ್ಟು 100 ಲೀಟರ್, ಖರ್ಚು 9,100 ರೂಪಾಯಿ.

ಟೋಲ್ ಲೆಕ್ಕದಲ್ಲಿ ದೊಡ್ಡ ತಪ್ಪು ನಡೆಯುವುದು ಫಾಸ್ಟ್ಯಾಗ್ ರೀಚಾರ್ಜಿನಿಂದ. ರೀಚಾರ್ಜ್ ಮಾಡಿದ ಹಣ ಇನ್ನೂ ಖರ್ಚಾಗಿಲ್ಲ, ಅದು ಖಾತೆಯಲ್ಲಿ ಕೂತ ಮುಂಗಡ. ಗೇಟು ದಾಟಿದಾಗ ಕಡಿತವಾದ ಹಣ ಮಾತ್ರ ಆ ತಿಂಗಳ ಖರ್ಚು. ಹಾಳೆಯಲ್ಲಿ ರೀಚಾರ್ಜ್ ರಸೀದಿಯೂ ಗೇಟಿನ ಕಡಿತದ ವಿವರವೂ ಎರಡೂ ಇದ್ದು, ಎರಡನ್ನೂ ಕೂಡಿದರೆ ಒಂದೇ ಹಣ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ರಾಷ್ಟ್ರೀಯ ಹೆದ್ದಾರಿಗಳ ಶುಲ್ಕ ನಿಯಮಗಳು 2008ರಲ್ಲಿ ಬಂದವು. ಅವುಗಳ ಪ್ರಕಾರ 24 ಗಂಟೆಯೊಳಗೆ ಹಿಂತಿರುಗಿದರೆ ಹೋಗಿಬರುವ ಶುಲ್ಕ ಒಂದು ಬಾರಿಯ ಶುಲ್ಕದ ಒಂದೂವರೆ ಪಟ್ಟು. ಶುಲ್ಕವನ್ನು ಐದು ರೂಪಾಯಿಯ ಹತ್ತಿರದ ಗುಣಕಕ್ಕೆ ಸರಿಹೊಂದಿಸುವ ನಿಯಮವೂ ಇದೆ. ಹೀಗಾಗಿ ಹೆದ್ದಾರಿಯ ಫಾಸ್ಟ್ಯಾಗ್ ಕಡಿತ 108 ಅಥವಾ 153 ಎಂದು ಕಂಡರೆ, ಆ ಅಂಕಿಯನ್ನು ಫೋಟೊದಲ್ಲಿ ಹಿಗ್ಗಿಸಿ ಮತ್ತೊಮ್ಮೆ ಓದುವುದು ಲೇಸು.

ಈ ವ್ಯಾನಿನ ದಾರಿಯಲ್ಲಿ ಒಂದೇ ಗೇಟು, ಒಂದು ಬಾರಿಯ ಶುಲ್ಕ 100 ರೂಪಾಯಿ ಎಂದುಕೊಂಡರೆ, ಆರು ಸಲ ಹೋಗಿಬಂದದ್ದಕ್ಕೆ 900 ರೂಪಾಯಿ ಆಗಬೇಕು. ಸ್ಟೇಟ್‌ಮೆಂಟಿನಲ್ಲಿ 950 ಇದೆ. ಲಾಗ್ ಶೀಟ್ ನೋಡಿದರೆ ಒಂದು ಪ್ರಯಾಣದಲ್ಲಿ ವ್ಯಾನು 24 ಗಂಟೆ ಕಳೆದ ಮೇಲೆ ಮರಳಿದೆ. ಹೀಗಾಗಿ ಐದು ಪ್ರಯಾಣಕ್ಕೆ ತಲಾ 150, ಒಂದಕ್ಕೆ 200 ಸೇರಿ 950 ಸರಿಯಾಗಿದೆ. ಅದೇ ಹಾಳೆಯಲ್ಲಿರುವ 1,000 ಮತ್ತು 500 ರೂಪಾಯಿಯ ರೀಚಾರ್ಜ್ ರಸೀದಿಗಳು ಖರ್ಚಿನ ಸಾಲಿಗೆ ಬರುವುದಿಲ್ಲ, ಮುಂಗಡದ ಲೆಕ್ಕದಲ್ಲಿ ಉಳಿಯುತ್ತವೆ. ತಿಂಗಳ ಕೊನೆಯ ರಾತ್ರಿ ಗೇಟು ದಾಟಿ ಹಣ ಮರುದಿನ ಕಡಿತವಾಗಿದ್ದರೆ, ಗೇಟು ದಾಟಿದ ಸಮಯವನ್ನೇ ಹಿಡಿದು ಖರ್ಚನ್ನು ಯಾವ ತಿಂಗಳಿಗೆ ಸೇರಿಸಬೇಕೆಂದು ತೀರ್ಮಾನಿಸಬೇಕು.

ಪಾರ್ಕಿಂಗ್ ಚೀಟಿಗಳ ಮೊತ್ತ ಚಿಕ್ಕದು, ಓದುವ ಕಷ್ಟ ಮಾತ್ರ ದೊಡ್ಡದು. ಕೈಬರಹದ ಚೀಟಿಯಲ್ಲಿ 1 ಮತ್ತು 7, 3 ಮತ್ತು 8 ಒಂದೇ ತರಹ ಕಾಣುತ್ತವೆ. ಗಂಟೆಯ ದರ ಅಚ್ಚಾಗಿದ್ದು, ಒಳಬಂದ ಮತ್ತು ಹೊರಹೋದ ಸಮಯ ಬರೆದಿದ್ದರೆ ಮೊತ್ತವನ್ನು ಅವುಗಳಿಂದಲೇ ಪರೀಕ್ಷಿಸಬಹುದು. ಚೀಟಿ ಸಿಗದ ಕಡೆ ಚಾಲಕ ಲಾಗ್ ಶೀಟಿನಲ್ಲಿ ಮಾತ್ರ ಮೊತ್ತ ಬರೆದಿರುತ್ತಾನೆ. ಅದನ್ನು ಕೈಬಿಡಬೇಕಿಲ್ಲ, ಆದರೆ ‘ರಸೀದಿ ಇಲ್ಲ’ ಎಂಬ ಬೇರೆ ಸಾಲಿನಲ್ಲಿ ತೋರಿಸಬೇಕು. ಉದಾಹರಣೆಯ ತಿಂಗಳಲ್ಲಿ ಏಳು ಚೀಟಿಗಳಿಂದ 210 ರೂಪಾಯಿ, ರಸೀದಿ ಇಲ್ಲದ್ದು 30 ರೂಪಾಯಿ.

ಇಷ್ಟಾದ ಮೇಲೆ ತಿಂಗಳ ಸಾರಾಂಶ ಹೀಗೆ ನಿಲ್ಲುತ್ತದೆ:

| ಬಾಬ್ತು | ಮೊತ್ತ (ರೂ.) |
|---|---|
| ಡೀಸೆಲ್, 100 ಲೀಟರ್ | 9,100 |
| ಟೋಲ್ | 950 |
| ಪಾರ್ಕಿಂಗ್, ರಸೀದಿ ಸಹಿತ | 210 |
| ಪಾರ್ಕಿಂಗ್, ರಸೀದಿ ಇಲ್ಲ | 30 |
| ಒಟ್ಟು | 10,290 |

ಕೊನೆಯ ಪರೀಕ್ಷೆ ಮೀಟರ್ ರೀಡಿಂಗಿನದು. ತಿಂಗಳ ಆರಂಭದಲ್ಲಿ ಮೀಟರ್ 48,210, ಕೊನೆಗೆ 49,650. ಓಡಿದ ದೂರ 1,440 ಕಿ.ಮೀ. ಹಿಂದಿನ ತಿಂಗಳ ಕೊನೆಯ ದಿನವೂ ಈ ತಿಂಗಳ ಕೊನೆಯ ದಿನವೂ ಫುಲ್ ಟ್ಯಾಂಕ್ ಮಾಡಿಸಿದ್ದರೆ, ನಡುವೆ ಹಾಕಿಸಿದ 100 ಲೀಟರೇ ಸುಟ್ಟ ಇಂಧನ. ಮೈಲೇಜು ಲೀಟರಿಗೆ 14.4 ಕಿ.ಮೀ., ಒಟ್ಟು ಖರ್ಚು ಕಿಲೋಮೀಟರಿಗೆ ಸುಮಾರು 7 ರೂಪಾಯಿ 15 ಪೈಸೆ. ಟ್ಯಾಂಕು ಅರ್ಧ ಇರುವಾಗ ತಿಂಗಳು ಮುಗಿದಿದ್ದರೆ ಈ ಮೈಲೇಜನ್ನು ಆ ಒಂದೇ ತಿಂಗಳಿಗೆ ಖಚಿತವೆಂದು ಹೇಳಲಾಗದು, ಎರಡು ಮೂರು ತಿಂಗಳ ಸರಾಸರಿ ನೋಡಬೇಕಾಗುತ್ತದೆ.

ಹಿಂದಿನ ತಿಂಗಳುಗಳಲ್ಲಿ ಹದಿನಾಲ್ಕರ ಆಸುಪಾಸಿನಲ್ಲಿದ್ದ ಮೈಲೇಜು ಏಕಾಏಕಿ ಹತ್ತಕ್ಕೆ ಇಳಿದರೆ, ಒಂದೇ ಬಿಲ್ಲನ್ನು ಎರಡು ಸಲ ಬರೆದಿರಬಹುದು, ಬೇರೆ ಗಾಡಿಯ ಬಿಲ್ಲು ಸೇರಿರಬಹುದು ಅಥವಾ ಗಾಡಿಯಲ್ಲೇ ದೋಷವಿರಬಹುದು. ಇಪ್ಪತ್ತಕ್ಕೆ ಏರಿದರೆ ಯಾವುದೋ ಬಿಲ್ಲು ಬಿಟ್ಟುಹೋಗಿದೆ, ಇಲ್ಲವೇ ಮೀಟರ್ ರೀಡಿಂಗನ್ನು ತಪ್ಪಾಗಿ ಓದಲಾಗಿದೆ. ಬಿಲ್ ಸಂಖ್ಯೆಗಳನ್ನು ಒಂದು ಕಾಲಮಿನಲ್ಲಿ ಬರೆದಿಟ್ಟರೆ ಎರಡು ಸಲ ಬಂದದ್ದು ಕೂಡಲೇ ಕಾಣುತ್ತದೆ. ಫೋಟೊದಲ್ಲಿ ಎಷ್ಟು ನೋಡಿದರೂ ಖಚಿತವಾಗದ ಅಂಕಿಯನ್ನು ಊಹಿಸಿ ತುಂಬಬಾರದು. ಅದರ ಎದುರು ‘ಮೂಲ ಚೀಟಿ ನೋಡಬೇಕು’ ಎಂದು ಬರೆದು, ಚಾಲಕನಿಂದ ಚೀಟಿ ತರಿಸಿ ನೋಡಿದ ಮೇಲೆಯೇ ಒಟ್ಟು ಮೊತ್ತಕ್ಕೆ ಸೇರಿಸಬೇಕು.