ನಿಂತ ಕಾರಿಗೆ ವೇಗ ತುಂಬುವ ಕೈಕೆಲಸ

ಹೋರ್ಡಿಂಗ್‌ನಲ್ಲಿ ಕೆಂಪು ಕಾರೊಂದು ನುಗ್ಗಿ ಬರುತ್ತಿದೆ. ಹಿಂದಿನ ಮರ, ಬೇಲಿ, ರಸ್ತೆಯೆಲ್ಲ ಅಡ್ಡಡ್ಡ ಗೆರೆಗಳಾಗಿ ಕರಗಿಹೋಗಿವೆ. ಕಾರಿನ ಬಾಗಿಲ ಹಿಡಿ ಮಾತ್ರ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದೆ. ಫೋಟೊ ತೆಗೆಯುವಾಗ ಆ ಕಾರು ಯಾವುದೋ ಯಾರ್ಡಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದುಕೊಂಡು ನಿಂತಿದ್ದ ಸಾಧ್ಯತೆಯೇ ಹೆಚ್ಚು. ಅದನ್ನು ಓಡಿಸಿದ್ದು ಕಂಪ್ಯೂಟರ್ ಮುಂದೆ ಕೂತ ರೀಟಚರ್.

ಅವರು ನಕಲು ಮಾಡುವುದು ಫೋಟೊಗ್ರಾಫರುಗಳ ಪ್ಯಾನಿಂಗ್ ತಂತ್ರವನ್ನು. ರೇಸ್ ಟ್ರ್ಯಾಕಿನ ಬದಿಯಲ್ಲಿ ನಿಂತು, ಶಟರ್ ವೇಗವನ್ನು ಸೆಕೆಂಡಿನ ಮೂವತ್ತನೇ ಅಥವಾ ಅರವತ್ತನೇ ಒಂದು ಭಾಗಕ್ಕೆ ಇಳಿಸಿ, ವಾಹನದ ಜೊತೆಜೊತೆಗೇ ಕ್ಯಾಮೆರಾ ತಿರುಗಿಸಿದರೆ ವಾಹನ ಚೌಕಟ್ಟಿನಲ್ಲಿ ಒಂದೇ ಕಡೆ ನಿಲ್ಲುತ್ತದೆ, ಹಿನ್ನೆಲೆ ಎಳೆದುಕೊಂಡು ಹೋಗುತ್ತದೆ. ಕಂಪ್ಯೂಟರಿನಲ್ಲಿ ಇದಕ್ಕೆ ಬೇಕಾದ್ದು ನೋಡುವುದಕ್ಕೆ ಒಂದೇ ಫಿಲ್ಟರ್: ಫೋಟೊಶಾಪಿನಲ್ಲಿ `Motion Blur`. ಅದರಲ್ಲಿ ಎರಡೇ ಅಂಕಿ, ಗೆರೆಯ ದಿಕ್ಕಿಗೆ `Angle`, ಉದ್ದಕ್ಕೆ `Distance`. ಹೊಸಬರು ಕಣ್ಣಿಗೆ ಚೆಂದ ಕಂಡಲ್ಲಿಗೆ ಆ ಅಂಕಿ ಎಳೆದು ಬಿಡುತ್ತಾರೆ. ಚಿತ್ರ ಸುಳ್ಳು ಹೇಳಲು ಶುರುಮಾಡುವುದು ಅಲ್ಲಿಂದಲೇ. ಫಿಲ್ಟರ್ ಮುಟ್ಟುವ ಮೊದಲು ಎರಡು ಪ್ರಶ್ನೆ ಇತ್ಯರ್ಥವಾಗಬೇಕು. ಕ್ಯಾಮೆರಾ ಎಲ್ಲಿತ್ತು? ಶಟರ್ ಎಷ್ಟು ಹೊತ್ತು ತೆರೆದಿತ್ತು?

ಒಂದು ಕೆಲಸವನ್ನೇ ಎತ್ತಿಕೊಳ್ಳೋಣ. ಯಾರ್ಡಿನಲ್ಲಿ ಪಕ್ಕದಿಂದ ತೆಗೆದ ಕಾರಿನ ಫೋಟೊ ಇದೆ. ಅದರ ಹಿಂದೆ ಚಿತ್ರದುರ್ಗದ ಬಳಿಯ ರಾಷ್ಟ್ರೀಯ ಹೆದ್ದಾರಿ 48ರ ನೋಟ ಬರಬೇಕು: ರಸ್ತೆ, ಅದರಾಚೆ ಮರಗಳು, ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು. ಕಾರಿನ ಉದ್ದ 4 ಮೀಟರ್. ಚಿತ್ರದಲ್ಲಿ ಅದು 2000 ಪಿಕ್ಸೆಲ್ ಹಿಡಿದಿದೆ. ಅಂದರೆ ಕಾರು ಇರುವ ದೂರದಲ್ಲಿ ಒಂದು ಮೀಟರಿಗೆ 500 ಪಿಕ್ಸೆಲ್. ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದೆ, ಶಟರ್ ಸೆಕೆಂಡಿನ ಅರವತ್ತನೇ ಒಂದು ಭಾಗ ತೆರೆದಿದೆ ಎಂದುಕೊಂಡರೆ, ಅಷ್ಟರಲ್ಲಿ ಕಾರು ಸಾಗುವುದು ಸುಮಾರು 28 ಸೆಂಟಿಮೀಟರ್. ಹಾಗಾಗಿ ಟೈರಿನ ಬುಡದಲ್ಲಿ ರಸ್ತೆಯ ಜಲ್ಲಿಕಲ್ಲು 140 ಪಿಕ್ಸೆಲ್ ಉದ್ದದ ಗೆರೆಯಾಗಬೇಕು. ಕ್ಯಾಮೆರಾ ಎಲ್ಲೇ ಇರಲಿ, ಈ ಲೆಕ್ಕ ಬದಲಾಗುವುದಿಲ್ಲ.

ಬದಲಾಗುವುದು ಮರ ಮತ್ತು ಗುಡ್ಡದ ಲೆಕ್ಕ. ಫೋಟೊಗ್ರಾಫರ್ ರಸ್ತೆ ಬದಿಯಲ್ಲಿ ನಿಂತಲ್ಲೇ ಕ್ಯಾಮೆರಾ ತಿರುಗಿಸಿದ್ದರೆ, ಕದಲದೆ ನಿಂತ ವಸ್ತುಗಳೆಲ್ಲ, ಹತ್ತಿರದ ಬೇಲಿಯಾಗಲಿ ಎರಡು ಕಿಲೋಮೀಟರ್ ಆಚೆಯ ಗುಡ್ಡವಾಗಲಿ, ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಎಳೆಯಲ್ಪಡುತ್ತವೆ. ತಿರುಗಿದ್ದು ಕ್ಯಾಮೆರಾ ತಾನೇ? ಆ ತಿರುಗಾಟ ಎಲ್ಲಕ್ಕೂ ಒಂದೇ. ಆಗ ಇಡೀ ಹಿನ್ನೆಲೆಗೆ 140 ಪಿಕ್ಸೆಲಿನ ಒಂದೇ ಮಸುಕು ಸಾಕು. ‘ದೂರದ್ದು ನಿಧಾನ ಸಾಗುತ್ತದೆ’ ಎಂಬ ಬಸ್ಸಿನ ಕಿಟಕಿಯ ಅನುಭವವನ್ನು ಇಲ್ಲಿಗೂ ತಂದು ಗುಡ್ಡವನ್ನು ಸ್ಪಷ್ಟವಾಗಿ ಉಳಿಸಿಕೊಳ್ಳುವವರು ಬಹಳ. ಅದು ತಪ್ಪು.

ಆದರೆ ಆ ಅನುಭವ ಸರಿಹೋಗುವ ಇನ್ನೊಂದು ಸಂದರ್ಭವಿದೆ. ಕ್ಯಾಮೆರಾ ಇನ್ನೊಂದು ವಾಹನದಲ್ಲಿ ಕೂತು, ಕಾರಿನ ಪಕ್ಕದಲ್ಲಿ ಅದೇ ವೇಗದಲ್ಲಿ ಓಡುತ್ತಿದ್ದರೆ ಗೆರೆಯ ಉದ್ದ ದೂರಕ್ಕೆ ತಕ್ಕಂತೆ ಕುಗ್ಗುತ್ತದೆ. ಕಾರು 6 ಮೀಟರ್ ದೂರದಲ್ಲಿದೆ ಎನ್ನಿ. ನಾಲ್ಕು ಪಟ್ಟು ದೂರದ, ಅಂದರೆ 24 ಮೀಟರ್ ಆಚೆಯ ಮರಕ್ಕೆ 35 ಪಿಕ್ಸೆಲ್. ಒಂದೂವರೆ ಕಿಲೋಮೀಟರ್ ಆಚೆಯ ಗಾಳಿಯಂತ್ರಕ್ಕೆ ಅರ್ಧ ಪಿಕ್ಸೆಲ್, ಅಂದರೆ ಮಸುಕೇ ಇಲ್ಲ. ಕ್ಯಾಮೆರಾದಿಂದ 3 ಮೀಟರಿನಲ್ಲಿರುವ ರಸ್ತೆಯ ಅಂಚಿಗೆ ಮಾತ್ರ 280. ನಮ್ಮ ಚಿತ್ರದಲ್ಲಿ ಚಿತ್ರದುರ್ಗ ಚಿತ್ರದುರ್ಗವಾಗಿ ಕಾಣಬೇಕಾದರೆ ಆರಿಸಬೇಕಾದ್ದು ಇದನ್ನೇ. ಮೊದಲಿನದರಲ್ಲಿ ಗಾಳಿಯಂತ್ರದ ಕಂಬ ತೆಳ್ಳನೆಯ ಬಿಳಿ ಮಬ್ಬಾಗಿ ಮಾಯವಾಗುತ್ತಿತ್ತು. ಬೆಲೆಯೂ ಇದೆ. ರಸ್ತೆ, ಮರ, ಗುಡ್ಡಗಳನ್ನು ಬೇರೆಬೇರೆ ಲೇಯರಿಗೆ ಕತ್ತರಿಸಬೇಕು, ಮರ ಕಿತ್ತ ಜಾಗದಲ್ಲಿ ಗುಡ್ಡವನ್ನು ತುಂಬಿಸಬೇಕು, ಆಮೇಲೆ ಒಂದೊಂದಕ್ಕೆ ಅದರದರ ಅಳತೆಯ ಮಸುಕು ಕೊಡಬೇಕು. ರಸ್ತೆಗೆ ಒಂದೇ ಅಳತೆ ಸಾಲದು. ಮುಂದಕ್ಕೆ ಬಂದಂತೆ ಗೆರೆ ಉದ್ದವಾಗುತ್ತ ಹೋಗಬೇಕು.

ಹಿನ್ನೆಲೆಯ ಚಿತ್ರ ಚೌಕಟ್ಟಿಗಿಂತ ಎರಡೂ ಕಡೆ ಕೆಲವು ನೂರು ಪಿಕ್ಸೆಲ್ ಅಗಲವಾಗಿರಲಿ. ಇಲ್ಲದಿದ್ದರೆ ಅಂಚಿಗೆ ಬಂದ ಫಿಲ್ಟರಿಗೆ ಎಳೆಯಲು ಬಣ್ಣ ಸಿಗದೆ ಅಲ್ಲಿ ಬೇರೆಯದೇ ಪಟ್ಟೆ ಮೂಡುತ್ತದೆ. ಆ ಚಿತ್ರದಲ್ಲಿ ಬೇರೊಂದು ಕಾರಿದ್ದರೆ ಅದನ್ನು ಮಸುಕಿಗೆ ಮುಂಚೆಯೇ ಅಳಿಸಬೇಕು. ಆಮೇಲೆ ಅಳಿಸುತ್ತೇನೆಂದರೆ ಅದರ ಬಣ್ಣ ಆಗಲೇ ಅಕ್ಕಪಕ್ಕ ಹರಡಿ, ನಮ್ಮ ಕಾರಿನ ಸುತ್ತ ದೆವ್ವದ ಹಾಗೆ ನಿಂತಿರುತ್ತದೆ.

ಇನ್ನು ಚಕ್ರ. ನಕಲಿ ಚಿತ್ರ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಟೈರಿನ ವ್ಯಾಸ ಸುಮಾರು 60 ಸೆಂಟಿಮೀಟರ್ ಎಂದರೆ, 28 ಸೆಂಟಿಮೀಟರ್ ಉರುಳುವಷ್ಟರಲ್ಲಿ ಅದು 53 ಡಿಗ್ರಿ ತಿರುಗಿರುತ್ತದೆ. ಐದು ಕಡ್ಡಿಯ ಅಲಾಯ್ ಚಕ್ರದಲ್ಲಿ ಕಡ್ಡಿಗಳ ನಡುವಿನ ಅಂತರ 72 ಡಿಗ್ರಿ. ಹಾಗಾಗಿ ಕಡ್ಡಿಗಳು ಪೂರ್ತಿ ಮಾಯವಾಗದೆ ಅಗಲವಾದ ಬೀಸಣಿಗೆಗಳಾಗಿ ಕಾಣಬೇಕು. `Spin Blur` ಇಂಥದ್ದಕ್ಕೇ ಇರುವ ಸಾಧನ. ವೃತ್ತವನ್ನು ಅಂಡಾಕಾರಕ್ಕೆ ಹಿಗ್ಗಿಸಬಹುದಾದ್ದರಿಂದ ಓರೆಯಾಗಿ ಕಾಣುವ ಚಕ್ರಕ್ಕೂ ಹೊಂದುತ್ತದೆ. ತಿರುಗದ ಬ್ರೇಕ್ ಕ್ಯಾಲಿಪರನ್ನು ಮರೆಯದೆ ಹೊರಗಿಡಬೇಕು. ರಸ್ತೆ 140 ಪಿಕ್ಸೆಲ್ ಓಡುತ್ತಿದ್ದು ಚಕ್ರ ಐದೇ ಡಿಗ್ರಿ ತಿರುಗಿದ್ದರೆ, ಅದು ಬ್ರೇಕ್ ಬಿಗಿದು ಜಾರುತ್ತಿರುವ ಕಾರು. ನೋಡುವವರಿಗೆ ಕಾರಣ ಹೊಳೆಯದಿರಬಹುದು, ಏನೋ ಸರಿಯಿಲ್ಲ ಎಂದಂತೂ ಅನಿಸುತ್ತದೆ. ಸ್ಟೀರಿಂಗ್ ತಿರುಗಿಸಿ ನಿಲ್ಲಿಸಿದ ಕಾರು, ಚಾಲಕನಿಲ್ಲದ ಸೀಟು ಇವೂ ಅಷ್ಟೇ. ಅಂದಹಾಗೆ, ಗೆರೆಗಳಿಗೆ ಹಿಂದುಮುಂದು ಇರುವುದಿಲ್ಲ. ಕಾರು ರಿವರ್ಸ್ ಹೋಗುತ್ತಿದ್ದರೂ ಮಸುಕು ಹೀಗೇ ಇರುತ್ತಿತ್ತು!

ಕಾರಿನಡಿಯ ನೆರಳು ಕಾರಿನ ಜೊತೆಯಲ್ಲೇ ಸಾಗುತ್ತದೆ. ಆದ್ದರಿಂದ ರಸ್ತೆಯನ್ನು ಎಳೆದ ಮೇಲೆ ನೆರಳನ್ನು ಬೇರೆ ಲೇಯರಿನಲ್ಲಿ ಹಾಕಬೇಕು. ರಸ್ತೆಯೊಂದಿಗೆ ಅದನ್ನೂ ಎಳೆದುಬಿಟ್ಟರೆ ಕಾರು ಗಾಳಿಯಲ್ಲಿ ತೇಲುತ್ತದೆ. ಕಿಟಕಿಯ ಗಾಜಿನಾಚೆ ಯಾರ್ಡಿನ ಗೋಡೆ ಉಳಿದಿದ್ದರೆ ಅದನ್ನು ಕತ್ತರಿಸಿ, ಅಲ್ಲಿಯೂ ಮಸುಕಾದ ಮರಗಳೇ ತುಸು ಮಂಕಾಗಿ ಕಾಣುವಂತೆ ಮಾಡಬೇಕು.

ರಾತ್ರಿಯ ಚಿತ್ರವಾದರೆ ಇನ್ನೊಂದು ತೊಡಕು. ನಿಜವಾದ ಪ್ಯಾನಿಂಗ್‌ನಲ್ಲಿ ಬೀದಿದೀಪ ಕಣ್ಣು ಕುಕ್ಕುವ ಗೆರೆಯಾಗುತ್ತದೆ. ಫಿಲ್ಟರ್ ಹಾಕಿದರೆ ಬೂದಿ ಬಣ್ಣದ ಗೀಟಾಗುತ್ತದೆ. ದೀಪ ಎಷ್ಟೇ ಪ್ರಖರವಾಗಿದ್ದರೂ ಸಾಮಾನ್ಯ 8 ಬಿಟ್ ಚಿತ್ರ ಅದನ್ನು 255 ಎಂಬ ಅಂಕಿಗೆ ಕತ್ತರಿಸಿ ಇಟ್ಟಿರುತ್ತದೆ. ಅಷ್ಟನ್ನೇ 140 ಪಿಕ್ಸೆಲಿಗೆ ಹಂಚಿದರೆ ಉಳಿಯುವುದೇನು? ಚಿತ್ರವನ್ನು 32 ಬಿಟ್‌ಗೆ ಬದಲಿಸಿ, ದೀಪಗಳ ಬೆಳಕನ್ನು ಹಲವು ಪಟ್ಟು ಹೆಚ್ಚಿಸಿ, ಆಮೇಲೆ ಮಸುಕು ಕೊಟ್ಟರೆ ಗೆರೆಗೆ ಜೀವ ಬರುತ್ತದೆ.

ದುಬಾರಿ ಜಾಹೀರಾತುಗಳಲ್ಲಿ ಇಷ್ಟೆಲ್ಲ ಲೆಕ್ಕ ತಪ್ಪಿಸಿಕೊಳ್ಳಲು ಕಾರಿಗೇ ಉದ್ದನೆಯ ಕೊಳವೆ ಬಿಗಿದು, ಅದರ ತುದಿಗೆ ಕ್ಯಾಮೆರಾ ಕಟ್ಟುತ್ತಾರೆ. ಇದಕ್ಕೆ ರಿಗ್ ಎನ್ನುತ್ತಾರೆ. ಕಾರನ್ನು ನಡಿಗೆಯ ವೇಗದಲ್ಲಿ ಕೈಯಲ್ಲೇ ತಳ್ಳಿದರೂ ನಡೆಯುತ್ತದೆ. ಸೆಕೆಂಡಿಗೆ ಒಂದು ಮೀಟರ್ ಸಾಗುವ ಕಾರಿಗೆ ಶಟರನ್ನು ಒಂದು ಸೆಕೆಂಡ್ ತೆರೆದಿಟ್ಟರೆ ರಸ್ತೆಯಲ್ಲಿ ಒಂದು ಮೀಟರ್ ಉದ್ದದ ಗೆರೆ, ನಮ್ಮ ಲೆಕ್ಕದ ಮೂರೂವರೆ ಪಟ್ಟು! ಬಾನೆಟ್ಟಿನ ಮೇಲೆ ಬಿದ್ದ ಮರಗಳ ಪ್ರತಿಬಿಂಬವೂ ಅದರಲ್ಲಿ ತಾನಾಗಿ ಎಳೆದುಕೊಳ್ಳುತ್ತದೆ. ನಿಂತ ಕಾರಿನ ಫೋಟೊದಲ್ಲಿ ಯಾರ್ಡಿನ ಶೀಟು, ಕಂಬಗಳು ಆ ಮೈಮೇಲೆ ಚೂಪಾಗಿ ಉಳಿದಿರುತ್ತವೆ. ರೀಟಚರ್ ಬಾಗಿಲಿನ ತಿರುವು ಹಿಡಿದು ಅವನ್ನು ಕೈಯಾರೆ ಸವರಬೇಕು. ಆಮೇಲೆ ಹಿನ್ನೆಲೆಗೆ ಒಂದಿಷ್ಟು ಗ್ರೇನ್ ಸೇರಿಸಬೇಕು. ಮಸುಕು ಮಾಡುವಾಗ ಅಲ್ಲಿನ ಕ್ಯಾಮೆರಾದ ಸಣ್ಣ ಕಣಗಳೂ ಅಳಿಸಿಹೋಗಿರುತ್ತವೆ, ಕಾರಿನ ಮೇಲೆ ಮಾತ್ರ ಉಳಿದಿರುತ್ತವೆ. ಚಿತ್ರವನ್ನು ನೂರಕ್ಕೆ ನೂರು ಗಾತ್ರದಲ್ಲಿ ತೆರೆದರೆ ಕಾರು ಅಂಟಿಸಿದ್ದೆಂದು ಇದರಿಂದಲೇ ತಿಳಿಯುತ್ತದೆ.